ಯಾವ ಬಂದೂಕು ಮೇಲು? ಮೇಜಿನ ಮೇಲಿನ ಯುದ್ಧದ ಲೆಕ್ಕಾಚಾರ

ವಾರ್‌ಹ್ಯಾಮರ್ 40,000 ಆಡುವ ನಾಲ್ಕು ಜನ ಒಂದೆಡೆ ಸೇರಿದರೆ ಒಂದು ಜಗಳ ಗ್ಯಾರಂಟಿ: ಲ್ಯಾಸ್‌ಕ್ಯಾನನ್ ಮೇಲೋ, ಹೆವಿ ಬೋಲ್ಟರ್ ಮೇಲೋ? ಲ್ಯಾಸ್‌ಕ್ಯಾನನ್ ಎಂಬುದು ಸರದಿಗೆ ಒಂದೇ ಸಲ ಹಾರುವ ಲೇಸರ್ ತೋಪು. ತಾಕಿದರೆ ಟ್ಯಾಂಕಿನ ಹೊಟ್ಟೆಯನ್ನೂ ಸೀಳುತ್ತದೆ. ಹೆವಿ ಬೋಲ್ಟರ್ ಸರದಿಗೆ ಮೂರು ಗುಂಡು ಹಾರಿಸುವ ದಪ್ಪ ಬಂದೂಕು. ಅದರ ಒಂದೊಂದು ಗುಂಡಿನ ಪೆಟ್ಟು ಲೇಸರಿನಷ್ಟು ದೊಡ್ಡದಲ್ಲ. ಇಬ್ಬರ ಬಳಿಯೂ ಸಾಕ್ಷಿ ಇರುತ್ತದೆ. ಒಬ್ಬನ ಲ್ಯಾಸ್‌ಕ್ಯಾನನ್ ಹೋದ ವಾರ ಒಂದೇ ಏಟಿಗೆ ವಾಹನವೊಂದನ್ನು ಮುಗಿಸಿತ್ತು, ಇನ್ನೊಬ್ಬನ ಲ್ಯಾಸ್‌ಕ್ಯಾನನ್ ಇಡೀ ಸಂಜೆ ಗಾಳಿಗೆ ಗುಂಡು ಹೊಡೆದಿತ್ತು. ನೆನಪಿನ ಮೇಲೆ ನಿಂತ ಈ ವಾದ ತೀರುವಂಥದ್ದಲ್ಲ. ತೀರಬೇಕಾದರೆ ದಾಳದ ಲೆಕ್ಕ ಹಾಕಬೇಕು. ಆಟಗಾರರು ಈ ಲೆಕ್ಕಕ್ಕೆ ಇಟ್ಟಿರುವ ಹೆಸರು ‘ಮ್ಯಾತ್‌ಹ್ಯಾಮರ್’. ಅದನ್ನು ಅರ್ಧ ಕಲಿತವರು ಏನೂ ಕಲಿಯದವರಿಗಿಂತ ಹೆಚ್ಚು ಎಡವುತ್ತಾರೆ ಎಂಬುದೇ ಇದರ ಸ್ವಾರಸ್ಯ.

ಆಟವನ್ನು ನೋಡಿಲ್ಲದವರಿಗೆ ನಾಲ್ಕು ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಇದನ್ನು ಹೊರತಂದಿತು. ಕಥೆ ನಡೆಯುವುದು ದೂರದ ಭವಿಷ್ಯದಲ್ಲಿ. ಆಟ ನಡೆಯುವುದು ಊಟದ ಮೇಜಿನಷ್ಟು ಅಗಲದ ಹಲಗೆಯ ಮೇಲೆ. ಇಬ್ಬರು ಆಟಗಾರರು ತಾವೇ ಅಂಟಿಸಿ ಬಣ್ಣ ಬಳಿದ ಪ್ಲಾಸ್ಟಿಕ್ ಸೈನಿಕರನ್ನೂ ವಾಹನಗಳನ್ನೂ ಎದುರುಬದುರು ನಿಲ್ಲಿಸಿ, ಟೇಪಿನಿಂದ ಇಂಚಿನ ಲೆಕ್ಕದಲ್ಲಿ ದೂರ ಅಳೆದು ನಡೆಸುತ್ತಾರೆ. ಗುಂಡು ತಾಕಿತೋ ಇಲ್ಲವೋ, ಎದುರಾಳಿ ಸತ್ತನೋ ಉಳಿದನೋ ಎಂಬುದನ್ನೆಲ್ಲ ಆರು ಮುಖದ ಸಾಮಾನ್ಯ ದಾಳಗಳು ತೀರ್ಮಾನಿಸುತ್ತವೆ. ಪ್ರತಿಯೊಂದು ಗೊಂಬೆಗೂ ಪ್ರತಿಯೊಂದು ಆಯುಧಕ್ಕೂ ಅಂಕಿಗಳ ಒಂದು ಪಟ್ಟಿ ಇರುತ್ತದೆ. ಇಲ್ಲಿ ಬಳಸಿರುವ ಅಂಕಿಗಳು 2023ರ ಜೂನ್‌ನಲ್ಲಿ ಬಂದ ಹತ್ತನೇ ಆವೃತ್ತಿಯವು.

ಯುದ್ಧದಾಟಕ್ಕೆ ದಾಳ ಬಂದದ್ದು ಇತ್ತೀಚೆಗಲ್ಲ. 1824ರಲ್ಲೇ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ತನ್ನ ‘ಕ್ರೀಗ್‌ಶ್‌ಪೀಲ್’ ಆಟದಲ್ಲಿ ಗುಂಡಿನ ದಾಳಿಯ ಫಲವನ್ನು ದಾಳ ಮತ್ತು ಕೋಷ್ಟಕಗಳಿಂದ ನಿರ್ಣಯಿಸಿದ್ದ. ಅದು ಅಧಿಕಾರಿಗಳ ತರಬೇತಿಗೆಂದು ಮಾಡಿದ ಆಟ. ತೊಂಬತ್ತು ವರ್ಷ ಕಳೆದ ಮೇಲೆ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮನೆಯ ನೆಲದ ಮೇಲೆ ಆಡಲು ‘ಲಿಟಲ್ ವಾರ್ಸ್’ ಬರೆದಾಗ ದಾಳದ ಗೊಡವೆಗೇ ಹೋಗಲಿಲ್ಲ. ಸ್ಪ್ರಿಂಗ್ ಇರುವ ಆಟಿಕೆ ತೋಪಿನಿಂದ ನಿಜವಾಗಿಯೇ ಹೊಡೆದು ತವರದ ಸೈನಿಕರನ್ನು ಬೀಳಿಸಬೇಕಿತ್ತು. ವೆಲ್ಸ್‌ನ ಆಟದಲ್ಲಿ ಕಣ್ಣಳತೆ ಗೆಲ್ಲಿಸುತ್ತಿತ್ತು. ವಾರ್‌ಹ್ಯಾಮರ್ ರೈಸ್‌ವಿಟ್ಸ್‌ನ ವಂಶಕ್ಕೆ ಸೇರಿದ್ದು, ಆದ್ದರಿಂದಲೇ ಅದರಲ್ಲಿ ಲೆಕ್ಕಕ್ಕೆ ಬೆಲೆ.

ಒಂದು ಗುಂಡು ಹಾರಿದ ಮೇಲೆ ಮೂರು ಜರಡಿಗಳನ್ನು ದಾಟಬೇಕು. ಮೊದಲನೆಯದು ತಾಕುವುದು. ಹೊಡೆಯುವವನ ಕೌಶಲ 3+ ಎಂದಿದ್ದರೆ ದಾಳದಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಆರು ಮುಖಗಳಲ್ಲಿ ನಾಲ್ಕು ಅನುಕೂಲ, ಅಂದರೆ ಮೂರರಲ್ಲಿ ಎರಡು ಪಾಲು.

ಎರಡನೆಯದು ಗಾಯವಾಗುವುದು. ಇಲ್ಲಿ ಆಯುಧದ ಬಲವನ್ನು ಗುರಿಯ ಗಟ್ಟಿತನದ ಜೊತೆ ಹೋಲಿಸುತ್ತಾರೆ. ಎರಡೂ ಸಮ ಇದ್ದರೆ 4+ ಬೀಳಬೇಕು. ಬಲ ಹೆಚ್ಚಿದ್ದರೆ 3+, ಗಟ್ಟಿತನದ ಎರಡರಷ್ಟು ಅಥವಾ ಅದಕ್ಕೂ ಮೀರಿ ಇದ್ದರೆ 2+ ಸಾಕು. ಬಲ ಕಡಿಮೆಯಾದರೆ 5+ ಬೇಕು. ಗಟ್ಟಿತನದ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿದರೆ 6 ಬಿದ್ದರೆ ಮಾತ್ರ ಗಾಯ.

ಮೂರನೆಯ ಜರಡಿ ಎದುರಾಳಿಯ ಕೈಯಲ್ಲಿರುತ್ತದೆ. ಅದು ಕವಚ. ಆಟಗಾರರು ಇದನ್ನು ಸೇವ್ ಎನ್ನುತ್ತಾರೆ. ಕವಚ 3+ ಇದ್ದರೆ ಎದುರಾಳಿ ದಾಳ ಉರುಳಿಸಿ, 3 ಅಥವಾ ಹೆಚ್ಚು ಬಿದ್ದರೆ ಪೆಟ್ಟನ್ನು ತಡೆಯುತ್ತಾನೆ. ಆದರೆ ಆಯುಧಕ್ಕೆ ಎಪಿ ಎಂಬ ಕವಚ ಸೀಳುವ ಗುಣವೊಂದಿದೆ. ಎಪಿ -1 ಎಂದರೆ ಎದುರಾಳಿಯ ದಾಳದಿಂದ ಒಂದು ಕಳೆಯಬೇಕು, ಅಂದರೆ 3+ ಕವಚ 4+ ಆಗಿ ಸವೆಯುತ್ತದೆ. ಮೂರೂ ದಾಟಿ ಬಂದ ಗುಂಡು ತನ್ನ ಪಟ್ಟಿಯಲ್ಲಿ ಬರೆದಷ್ಟು ಹಾನಿ ಮಾಡುತ್ತದೆ. ಹಾನಿಗೆ ಅನುಗುಣವಾಗಿ ಗುರಿಯ ಜೀವಗಳು ಕಳೆಯುತ್ತವೆ.

ಈ ಮೂರನ್ನೂ ಒಂದರ ಮೇಲೊಂದು ಗುಣಿಸಬೇಕು. ಹೊಸಬರು ಅವುಗಳ ಸರಾಸರಿ ತೆಗೆಯುತ್ತಾರೆ, ಇಲ್ಲವೇ ಮೂರರಲ್ಲಿ ಒಂದು ಚೆನ್ನಾಗಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಗುಣಾಕಾರದ ಫಲ ಕಣ್ಣಿಗೆ ಕಾಣಬೇಕಾದರೆ ಭಿನ್ನರಾಶಿಗಳನ್ನು ಬಿಟ್ಟು ಪೂರ್ಣ ಸಂಖ್ಯೆಗಳಲ್ಲಿ ಯೋಚಿಸುವುದು ಸುಲಭ. ಅದಕ್ಕೆ 108 ಅನುಕೂಲದ ಸಂಖ್ಯೆ. ಎರಡರಿಂದಲೂ ಮೂರರಿಂದಲೂ ಮತ್ತೆ ಮತ್ತೆ ಭಾಗವಾಗುತ್ತದೆ, ದಾಳದ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದ್ದರಿಂದ ನಮ್ಮ ಎರಡೂ ಆಯುಧಗಳು 108 ಸರದಿ ಗುಂಡು ಹಾರಿಸಿದವು ಎಂದಿಟ್ಟುಕೊಳ್ಳೋಣ. ಎರಡನ್ನೂ ಹಿಡಿದವನ ಕೌಶಲ 3+ ಇರಲಿ.

ಲ್ಯಾಸ್‌ಕ್ಯಾನನ್ನಿನ ಅಂಕಿಗಳು ಹೀಗಿವೆ: ಸರದಿಗೆ ಒಂದು ಗುಂಡು, ಬಲ 12, ಎಪಿ -3, ಹಾನಿಗೆ ಒಂದು ದಾಳ ಉರುಳಿಸಿ ಬಂದದ್ದಕ್ಕೆ ಒಂದು ಕೂಡಿಸಬೇಕು. ಹಾಗಾಗಿ ಹಾನಿ 2ರಿಂದ 7ರವರೆಗೆ ಇರುತ್ತದೆ, ಸರಾಸರಿ ನಾಲ್ಕೂವರೆ. ಹೆವಿ ಬೋಲ್ಟರಿನದು ಸರದಿಗೆ ಮೂರು ಗುಂಡು, ಬಲ 5, ಎಪಿ -1, ಹಾನಿ ಯಾವಾಗಲೂ 2. ಅದಕ್ಕೆ ಇನ್ನೊಂದು ಸವಲತ್ತೂ ಇದೆ. ತಾಕುವ ದಾಳದಲ್ಲಿ 6 ಬಿದ್ದರೆ ಒಂದರ ಬದಲು ಎರಡು ಪೆಟ್ಟು ತಾಕಿದಂತೆ. ನಿಯಮಪುಸ್ತಕದಲ್ಲಿ ಇದರ ಹೆಸರು ‘ಸಸ್ಟೇನ್ಡ್ ಹಿಟ್ಸ್’.

ಹೀಗಾಗಿ ಮೊದಲ ಜರಡಿಯಲ್ಲೇ ಎರಡರ ದಾರಿ ಬೇರೆಯಾಗುತ್ತದೆ. ಲ್ಯಾಸ್‌ಕ್ಯಾನನ್ನಿನ 108 ಗುಂಡುಗಳಲ್ಲಿ 72 ತಾಕುತ್ತವೆ. ಹೆವಿ ಬೋಲ್ಟರ್ ಹಾರಿಸುವುದು 324 ಗುಂಡು. ಅದರಲ್ಲಿ 216 ತಾಕುತ್ತವೆ, ಆರರಲ್ಲಿ ಒಂದರಂತೆ ಬಿದ್ದ 6ಗಳಿಂದ ಇನ್ನೂ 54 ಪೆಟ್ಟು ಸೇರಿ ಒಟ್ಟು 270. ಈ 72 ಮತ್ತು 270 ಎಂಬ ಎರಡು ಸಂಖ್ಯೆಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಉಳಿದದ್ದೆಲ್ಲ ಗುರಿಗೆ ಸಂಬಂಧಿಸಿದ್ದು.

ಮೊದಲು ವಾಹನದ ಕಡೆ ನೋಡೋಣ. ಸೈನಿಕರನ್ನು ಹೊತ್ತೊಯ್ಯುವ ರೈನೋ ಎಂಬ ಉಕ್ಕಿನ ಪೆಟ್ಟಿಗೆಗೆ ಗಟ್ಟಿತನ 9, ಕವಚ 3+, ಜೀವ 10. ಲ್ಯಾಸ್‌ಕ್ಯಾನನ್ನಿನ ಬಲ 12, ಗಟ್ಟಿತನಕ್ಕಿಂತ ಹೆಚ್ಚು, ಆದ್ದರಿಂದ 72ರಲ್ಲಿ 48 ಗಾಯ ಮಾಡುತ್ತವೆ. ಎಪಿ -3 ಕವಚವನ್ನು 6+ಕ್ಕೆ ಇಳಿಸುವುದರಿಂದ ಎದುರಾಳಿ ಎಂಟನ್ನು ಮಾತ್ರ ತಡೆದಾನು. 40 ಒಳಹೊಕ್ಕು ಸರಾಸರಿ 180 ಹಾನಿ ಮಾಡುತ್ತವೆ. ಹೆವಿ ಬೋಲ್ಟರಿನ ಬಲ ಐದಕ್ಕೆ ಗಟ್ಟಿತನ ಒಂಬತ್ತು ದೊಡ್ಡದೇ. 270ರಲ್ಲಿ 90 ಗಾಯ, ಅದರಲ್ಲಿ ಅರ್ಧ ಕವಚಕ್ಕೆ ಹೋಗಿ 45, ಹಾನಿ 90. ಸರಿಯಾಗಿ ಲ್ಯಾಸ್‌ಕ್ಯಾನನ್ನಿನ ಅರ್ಧ.

ಇನ್ನೂ ದಪ್ಪ ಚರ್ಮದ ಲೆಮನ್ ರಸ್ ಟ್ಯಾಂಕಿನ ಮುಂದೆ ಅಂತರ ಮತ್ತಷ್ಟು ಹಿಗ್ಗುತ್ತದೆ. ಅದರ ಗಟ್ಟಿತನ 11, ಕವಚ 2+. ಲ್ಯಾಸ್‌ಕ್ಯಾನನ್ 144 ಹಾನಿ ಮಾಡುವಲ್ಲಿ ಹೆವಿ ಬೋಲ್ಟರ್ ಮಾಡುವುದು ಬರೀ 30. ಇಲ್ಲಿಯವರೆಗೆ ಯಾರಿಗೂ ಆಶ್ಚರ್ಯವಾಗಬೇಕಿಲ್ಲ. ಟ್ಯಾಂಕ್ ಹೊಡೆಯಲೆಂದೇ ಇರುವ ತೋಪು ಟ್ಯಾಂಕನ್ನು ಚೆನ್ನಾಗಿ ಹೊಡೆಯುತ್ತದೆ, ಅಷ್ಟೇ.

ಈಗ ಸೈನಿಕರ ಕಡೆ ತಿರುಗೋಣ. ಸ್ಪೇಸ್ ಮರೀನ್ ಈ ಆಟದ ಮುಖಚಿತ್ರ ಎನ್ನಬಹುದಾದ ಯೋಧ. ಅವನ ಗಟ್ಟಿತನ 4, ಕವಚ 3+, ಜೀವ 2. ಲ್ಯಾಸ್‌ಕ್ಯಾನನ್ನಿನ 72 ಪೆಟ್ಟುಗಳಲ್ಲಿ 60 ಗಾಯ, ಕವಚ ದಾಟಿ 50. ತಲಾ ನಾಲ್ಕೂವರೆಯಂತೆ ಹಾನಿ 225. ಹೆವಿ ಬೋಲ್ಟರಿನ 270ರಲ್ಲಿ 180 ಗಾಯ, ಅರ್ಧ ಕವಚಕ್ಕೆ ಹೋಗಿ 90, ತಲಾ ಎರಡರಂತೆ ಹಾನಿ 180. ಹಸಿರು ಮೈಯ ಆರ್ಕ್ ಪಡೆಯ ಮೇಲೂ ಹೀಗೆಯೇ ಲೆಕ್ಕ ಹಾಕಿದರೆ ಲ್ಯಾಸ್‌ಕ್ಯಾನನ್ನಿಗೆ 270, ಹೆವಿ ಬೋಲ್ಟರಿಗೆ 225 ಬರುತ್ತದೆ.

ಅಂದರೆ ನಿರೀಕ್ಷಿತ ಹಾನಿಯ ಲೆಕ್ಕದಲ್ಲಿ ಲ್ಯಾಸ್‌ಕ್ಯಾನನ್ ಟ್ಯಾಂಕನ್ನೂ ಗೆದ್ದಿತು, ಯೋಧನನ್ನೂ ಗೆದ್ದಿತು, ಆರ್ಕ್ ಗುಂಪನ್ನೂ ಗೆದ್ದಿತು. ಗುಣಾಕಾರದಲ್ಲಿ ಒಂದೂ ತಪ್ಪಿಲ್ಲ. ಆದರೂ ಆಟ ಬಲ್ಲವರು ಯಾರೂ ಆರ್ಕ್ ಗುಂಪಿನ ಮೇಲೆ ಲ್ಯಾಸ್‌ಕ್ಯಾನನ್ ಬೀಸುವುದಿಲ್ಲ. ಲೆಕ್ಕ ಸರಿ, ಉತ್ತರ ತಪ್ಪು. ಯಾಕೆ?

ಒಂದು ಆರ್ಕ್‌ಗೆ ಇರುವುದು ಒಂದೇ ಜೀವ. ಏಳು ಹಾನಿಯ ಲೇಸರ್ ಬಡಿದರೂ ಅದು ಒಮ್ಮೆ ತಾನೇ ಸಾಯುತ್ತದೆ. ಮಿಕ್ಕ ಆರು ಹಾನಿ ಪಕ್ಕದವನಿಗೆ ಹರಿಯುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಒಂದು ಪೆಟ್ಟಿನ ಹಾನಿ ಒಂದು ಗೊಂಬೆಗೆ ಮಾತ್ರ, ಹೆಚ್ಚಾದದ್ದು ವ್ಯರ್ಥ. ಕಾಗದದ ಮೇಲಿನ 270 ಹಾನಿಯಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಕವಚ ದಾಟಿದ 60 ಪೆಟ್ಟುಗಳು, ಅಂದರೆ 60 ಹೆಣ. ಹೆವಿ ಬೋಲ್ಟರಿನ ಕಡೆ ಬಲವೂ ಐದು, ಆರ್ಕ್‌ನ ಗಟ್ಟಿತನವೂ ಐದು. ಹಾಗಾಗಿ 270ರಲ್ಲಿ 135 ಗಾಯ. ಆರ್ಕ್‌ನ 5+ ಕವಚ ಎಪಿಯಿಂದ 6+ ಆಗಿ, 112ಕ್ಕೂ ಹೆಚ್ಚು ಪೆಟ್ಟು ಒಳಹೊಗುತ್ತವೆ. ಇಲ್ಲೂ ಎರಡರಲ್ಲಿ ಒಂದು ಹಾನಿ ವ್ಯರ್ಥವೇ. ಆದರೂ ಹೆಣದ ಲೆಕ್ಕ 112, ಲ್ಯಾಸ್‌ಕ್ಯಾನನ್ನಿನ ಹತ್ತಿರ ಹತ್ತಿರ ಎರಡರಷ್ಟು.

ಸ್ಪೇಸ್ ಮರೀನ್ ಮೇಲೆ ಹೆವಿ ಬೋಲ್ಟರ್ ಇನ್ನೂ ಚೊಕ್ಕ. ಯೋಧನಿಗೆ ಎರಡು ಜೀವ, ಗುಂಡಿನ ಹಾನಿಯೂ ಎರಡು. ಒಂದು ಹನಿಯೂ ಚೆಲ್ಲುವುದಿಲ್ಲ. ಒಳಹೊಕ್ಕ 90 ಗುಂಡಿಗೆ 90 ಯೋಧರು. ಲ್ಯಾಸ್‌ಕ್ಯಾನನ್ ಕನಿಷ್ಠ ಎರಡು ಹಾನಿ ಮಾಡುವುದರಿಂದ ಒಳಹೊಕ್ಕ ಪ್ರತಿ ಪೆಟ್ಟೂ ಕೊಲ್ಲುತ್ತದೆ, ನಿಜ. ಆದರೆ ಅಂಥ ಪೆಟ್ಟು 50 ಮಾತ್ರ. 225 ಹಾನಿಯನ್ನು ಎರಡರಿಂದ ಭಾಗಿಸಿ 112 ಯೋಧರು ಸಾಯುತ್ತಾರೆಂದು ಹೊರಟವನು ಲೆಕ್ಕಕ್ಕಿಂತ ಅರ್ಧಕ್ಕೂ ಕಡಿಮೆ ಹೆಣ ಎಣಿಸುತ್ತಾನೆ. ಆದ್ದರಿಂದ ಗುಂಪಿನಲ್ಲಿ ನಿಂತ ಗುರಿಯ ಮೇಲೆ ಹಾನಿಯನ್ನಲ್ಲ, ಬಿದ್ದ ಗೊಂಬೆಗಳನ್ನು ಎಣಿಸಬೇಕು. ಹತ್ತು ಜೀವದ ರೈನೋ ಮೇಲೆ ಈ ತೊಡಕು ಬಹುಮಟ್ಟಿಗೆ ಇರುವುದಿಲ್ಲ. ಕೊನೆಯ ಪೆಟ್ಟಿನಲ್ಲಿ ಒಂದಿಷ್ಟು ಹಾನಿ ಮಿಕ್ಕೀತು, ಅಷ್ಟೇ.

ಚೆಲ್ಲುವಿಕೆ ಅತ್ಯಂತ ಕುಟಿಲವಾಗಿ ಕಾಣಿಸಿಕೊಳ್ಳುವುದು ಟರ್ಮಿನೇಟರ್ ಎಂಬ ಭಾರಿ ಕವಚದ ಯೋಧನ ಮುಂದೆ. ಗಟ್ಟಿತನ 5, ಕವಚ 2+, ಜೀವ 3. ಮೂರು ಎಂಬ ಈ ಸಂಖ್ಯೆಯೇ ಹೆವಿ ಬೋಲ್ಟರಿಗೆ ಕಂಟಕ. ಮೊದಲ ಗುಂಡು ಎರಡು ಜೀವ ತೆಗೆಯುತ್ತದೆ. ಉಳಿದ ಒಂದಕ್ಕೆ ಇನ್ನೊಂದು ಗುಂಡು ಬೇಕು, ಅದರಲ್ಲಿ ಅರ್ಧ ದಂಡ. 45 ಗುಂಡು ಒಳಹೊಗುತ್ತವೆ, 90 ಹಾನಿಯನ್ನು ಮೂರರಿಂದ ಭಾಗಿಸಿದರೆ 30 ಟರ್ಮಿನೇಟರುಗಳು ಸಾಯಬೇಕು. ನಿಜದಲ್ಲಿ ಸಾಯುವುದು 22ರ ಆಸುಪಾಸು. ಲ್ಯಾಸ್‌ಕ್ಯಾನನ್ ಇಲ್ಲಿ ಬೇರೊಂದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತದೆ. ಟರ್ಮಿನೇಟರಿಗೆ ಎಪಿಗೆ ಮಣಿಯದ 4+ ರಕ್ಷಣೆಯೊಂದು ಪ್ರತ್ಯೇಕವಾಗಿದೆ, ಆಟಗಾರರ ಬಾಯಲ್ಲಿ ಅದು ‘ಇನ್‌ವಲ್ನರಬಲ್ ಸೇವ್’. ಎಪಿ -3 ಕವಚವನ್ನು 5+ಕ್ಕೆ ಇಳಿಸಿದರೂ ಎದುರಾಳಿ ಈ 4+ ಅನ್ನೇ ಆರಿಸಿಕೊಳ್ಳುತ್ತಾನೆ. ಮೂರನೆಯ ಎಪಿ ಕೈಗೆ ಬರಲಿಲ್ಲ. 60 ಗಾಯಗಳಲ್ಲಿ 30 ಒಳಹೊಗುತ್ತವೆ. ಕೆಲವೊಮ್ಮೆ ಹಾನಿಯ ದಾಳದಲ್ಲಿ 1 ಬಿದ್ದು ಯೋಧ ಒಂದು ಜೀವದ ಮೇಲೆ ಉಳಿದುಕೊಳ್ಳುವುದನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 26 ಹೆಣ. ಕಾಗದದ ಮೇಲೆ 45ಕ್ಕೆ 30 ಇದ್ದ ಅಂತರ ಮೇಜಿನ ಮೇಲೆ 26ಕ್ಕೆ 22 ಆಯಿತು. ಗೆದ್ದದ್ದು ಲ್ಯಾಸ್‌ಕ್ಯಾನನ್ನೇ, ಆದರೆ ಕೂದಲೆಳೆಯಲ್ಲಿ.

ಎಪಿಯ ಬೆಲೆ ಎಲ್ಲ ಕಡೆ ಒಂದೇ ಅಲ್ಲ ಎಂಬುದು ಇದರಿಂದ ಹೊಳೆಯುತ್ತದೆ. ಟರ್ಮಿನೇಟರಿನ 2+ ಕವಚ ಆರು ಗಾಯಗಳಲ್ಲಿ ಒಂದನ್ನು ಮಾತ್ರ ಒಳಬಿಡುತ್ತದೆ. ಎಪಿ -1 ಬಂದರೆ ಎರಡನ್ನು ಬಿಡುತ್ತದೆ. ಹಾನಿ ಒಮ್ಮೆಗೇ ಇಮ್ಮಡಿ. ಸ್ಪೇಸ್ ಮರೀನ್‌ನ 3+ ಮೇಲೆ ಅದೇ ಎಪಿ -1ರಿಂದ ಎರಡು ಮೂರಾಗುತ್ತದೆ, ಒಂದೂವರೆ ಪಟ್ಟು. ಆರ್ಕ್‌ನ ಹರಕು 5+ ಮೇಲೆ ನಾಲ್ಕು ಐದಾಗುತ್ತದೆ, ಕಾಲು ಭಾಗ ಹೆಚ್ಚಳವಷ್ಟೇ. ಆಮೇಲಿನ ಇನ್ನೊಂದು ಎಪಿ ಕವಚವನ್ನು ಪೂರ್ತಿ ಕಿತ್ತುಹಾಕುತ್ತದೆ. ಅಲ್ಲಿಂದ ಮುಂದೆ ಎಪಿ -3 ಆದರೇನು, -6 ಆದರೇನು, ಕಿತ್ತುಹಾಕಲು ಏನೂ ಉಳಿದಿರುವುದಿಲ್ಲ. ಬೆತ್ತಲೆ ಮೈಗೆ ಚೂಪು ಕತ್ತಿಯೂ ಒಂದೇ, ಮೊಂಡು ಕತ್ತಿಯೂ ಒಂದೇ.

ಹಳಬರಿಗೆ ಇದು ತುಸು ವಿಚಿತ್ರವಾಗಿ ಕಾಣಬಹುದು. 1998ರ ಮೂರನೇ ಆವೃತ್ತಿಯಿಂದ ಏಳನೆಯದರವರೆಗೂ ಎಪಿ ಎಂದರೆ ಇದ್ದರೆ ಪೂರ್ತಿ, ಇಲ್ಲದಿದ್ದರೆ ಸೊನ್ನೆ ಎಂಬಂತಿತ್ತು. ಆಗ ಹೆವಿ ಬೋಲ್ಟರಿನ ಎಪಿ 4. ಸ್ಪೇಸ್ ಮರೀನ್‌ನ 3+ ಕವಚವನ್ನು ಅದು ಒಂದಿಷ್ಟೂ ಮುಟ್ಟುತ್ತಿರಲಿಲ್ಲ. ಲ್ಯಾಸ್‌ಕ್ಯಾನನ್ನಿನ ಎಪಿ 2 ಅದೇ ಕವಚವನ್ನು ಇಡಿಯಾಗಿ ನುಂಗುತ್ತಿತ್ತು. 2017ರ ಎಂಟನೇ ಆವೃತ್ತಿಯಲ್ಲಿ ದಾಳದಿಂದ ಕಳೆಯುವ ಪದ್ಧತಿ ಮರಳಿತು, ಗಾಯದ ಕೋಷ್ಟಕವೂ ಈಗಿನಷ್ಟು ಸರಳವಾಯಿತು. ಇಪ್ಪತ್ತು ವರ್ಷ ಹಿಂದಿನ ಆಟಗಾರ ಬಾಯಿಪಾಠ ಮಾಡಿಕೊಂಡಿದ್ದ ಸೂತ್ರಗಳು ಆ ವರ್ಷ ಕಸದ ಬುಟ್ಟಿ ಸೇರಿದವು.

ಇಲ್ಲಿಯವರೆಗೆ ಮಾತಾಡಿದ್ದು 108 ಸರದಿಗಳ ಬಗ್ಗೆ. ಆದರೆ ಒಂದು ಆಟದಲ್ಲಿ ಇರುವುದು ಐದು ಸುತ್ತು. ಲ್ಯಾಸ್‌ಕ್ಯಾನನ್ ರೈನೋ ಮೇಲೆ ಸರದಿಗೆ ಸರಾಸರಿ 1.67 ಹಾನಿ ಮಾಡುತ್ತದೆ ಎನ್ನುವುದು ಸರಿಯಾದ ಮಾತು. ಆದರೆ ಅದು ಯಾವ ಸರದಿಯಲ್ಲೂ 1.67 ಹಾನಿ ಮಾಡುವುದಿಲ್ಲ. ನೂರರಲ್ಲಿ 63 ಸಲ ಏನೂ ಮಾಡುವುದಿಲ್ಲ, ಉಳಿದ 37 ಸಲ ಎರಡರಿಂದ ಏಳರವರೆಗೆ ಕಚ್ಚುತ್ತದೆ.

ಸರಾಸರಿಯನ್ನು ನಂಬಿ ಯೋಜನೆ ಹಾಕಿದರೆ ಏನಾಗುತ್ತದೆ ನೋಡಿ. ರೈನೋಗೆ ಹತ್ತು ಜೀವ. 1.67ರಂತೆ ಆರು ಲ್ಯಾಸ್‌ಕ್ಯಾನನ್‌ಗಳು ಸೇರಿದರೆ ಸರಿಯಾಗಿ ಹತ್ತು. ಆರು ಹೊಡೆದರೆ ರೈನೋ ಸತ್ತ ಹಾಗೇ ಎಂದು ಅನೇಕರು ಉಳಿದ ಆಯುಧಗಳನ್ನು ಬೇರೆ ಕಡೆ ತಿರುಗಿಸಿಬಿಡುತ್ತಾರೆ. ಎಲ್ಲ ಸಾಧ್ಯತೆಗಳನ್ನೂ ಬಿಡಿಸಿ ಕೂಡಿಸಿದರೆ ಚಿತ್ರ ಬೇರೆ. ಆರರಲ್ಲಿ ಒಂದೂ ಒಳಹೊಗದಿರುವ ಸಾಧ್ಯತೆ ನೂರಕ್ಕೆ 6. ಒಂದೇ ಒಂದು ಒಳಹೊಗುವ ಸಾಧ್ಯತೆ 22, ಆದರೆ ಒಂದು ಪೆಟ್ಟಿನಲ್ಲಿ ಹೆಚ್ಚೆಂದರೆ ಏಳು ಹಾನಿ, ರೈನೋ ಬದುಕಿತು. ಎರಡು ಒಳಹೊಗುವ ಸಾಧ್ಯತೆ 32. ಆಗ ಎರಡು ಹಾನಿ ದಾಳಗಳ ಮೊತ್ತ ಎಂಟು ಮುಟ್ಟಿದರೆ ಮಾತ್ರ ಸಾವು, 36ರಲ್ಲಿ 15 ಸಲ. ಮೂರು ಅಥವಾ ಹೆಚ್ಚು ಒಳಹೊಕ್ಕರೆ ಬಹುಪಾಲು ಸಾವೇ. ಇದನ್ನೆಲ್ಲ ಕೂಡಿಸಿದರೆ ರೈನೋ ಸಾಯುವ ಸಾಧ್ಯತೆ ನೂರಕ್ಕೆ ಐವತ್ತು ಚಿಲ್ಲರೆ. ನಾಣ್ಯ ಚಿಮ್ಮಿದಷ್ಟೇ ಖಾತ್ರಿ. ಎಂಟು ಲ್ಯಾಸ್‌ಕ್ಯಾನನ್ ಇಟ್ಟರೆ 69, ಹತ್ತು ಇಟ್ಟರೆ 82. ‘ಸರಾಸರಿಯಲ್ಲಿ ಸಾಯುತ್ತದೆ’ ಎಂಬುದಕ್ಕೂ ‘ಸಾಯುತ್ತದೆ’ ಎಂಬುದಕ್ಕೂ ನಡುವೆ ನಾಲ್ಕೈದು ತೋಪುಗಳ ದೂರವಿದೆ.

ಪಂದ್ಯ ಸೋತವರು ದಾಳವನ್ನು ಬೈಯುವುದು ಬಹುಪಾಲು ಇಂಥ ಕಡೆಯೇ. ದಾಳ ಮೋಸ ಮಾಡಿರುವುದಿಲ್ಲ. ನೂರಕ್ಕೆ ಐವತ್ತರ ಕೆಲಸವನ್ನು ಖಂಡಿತ ಎಂದುಕೊಂಡದ್ದೇ ಎಡವಟ್ಟು. ಎರಡನ್ನೂ ಬೇರೆ ಮಾಡಿ ತಿಳಿಯುವ ಸುಲಭ ಉಪಾಯವೆಂದರೆ ಮನೆಯಲ್ಲಿ ಕುಳಿತು ಆ ಒಂದು ದಾಳಿಯನ್ನೇ ನಿಜವಾದ ದಾಳಗಳಿಂದ ಮೂವತ್ತು ನಲವತ್ತು ಸಲ ಆಡಿ, ಎಷ್ಟು ಸಲ ಗುರಿ ಸತ್ತಿತು ಎಂದು ಗೀಟು ಹಾಕುವುದು. ಸರಾಸರಿ ಬಚ್ಚಿಟ್ಟದ್ದನ್ನು ಗೀಟುಗಳು ಹೊರಗೆಡವುತ್ತವೆ.

ಈ ಏರಿಳಿತವನ್ನು ಸ್ವಲ್ಪ ಪಳಗಿಸುವ ದಾರಿಯೂ ಆಟದಲ್ಲಿದೆ. ಆಟಗಾರನ ಬಳಿ ‘ಕಮಾಂಡ್ ಪಾಯಿಂಟ್’ ಎಂಬ ಸಣ್ಣ ಗಂಟೊಂದು ಇರುತ್ತದೆ. ಅದರಲ್ಲಿ ಒಂದನ್ನು ಖರ್ಚು ಮಾಡಿದರೆ ಒಂದು ದಾಳವನ್ನು ಮತ್ತೆ ಉರುಳಿಸಬಹುದು. ಇದನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೂ ಲೆಕ್ಕವೇ ದಾರಿ ತೋರುತ್ತದೆ. ಒಂಟಿ ಲ್ಯಾಸ್‌ಕ್ಯಾನನ್ ರೈನೋ ಕವಚ ದಾಟುವ ಸಾಧ್ಯತೆ ನೂರಕ್ಕೆ 37 ಎಂದೆವಲ್ಲ. ತಾಕುವ ದಾಳವಾಗಲಿ ಗಾಯದ ದಾಳವಾಗಲಿ ಕೈಕೊಟ್ಟಾಗ ಒಮ್ಮೆ ಮರಳಿ ಉರುಳಿಸಲು ಬಿಟ್ಟರೆ ಅದು 62ಕ್ಕೆ ಏರುತ್ತದೆ. ಹೆವಿ ಬೋಲ್ಟರಿನ ಮೂರು ದಾಳಗಳಲ್ಲಿ ಒಂದನ್ನು ಮರಳಿ ಉರುಳಿಸಿದರೆ ಅಷ್ಟು ದೊಡ್ಡ ಜಿಗಿತವಿಲ್ಲ, ಏಕೆಂದರೆ ಅಲ್ಲಿ ಯಾವ ಒಂದು ದಾಳದ ಮೇಲೂ ಇಡೀ ಸರದಿಯ ಭಾರ ಬಿದ್ದಿಲ್ಲ.

ಮೇಜಿನ ಮೇಲೆ ಇನ್ನೂ ಕೆಲವು ಸಂಗತಿಗಳು ಲೆಕ್ಕವನ್ನು ತಿರುಚುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಮರೆ. ಸ್ಪೇಸ್ ಮರೀನ್ ಒಡೆದ ಗೋಡೆಯ ಹಿಂದೆ ನಿಂತರೆ ಅವನ ಕವಚದ ದಾಳಕ್ಕೆ ಒಂದು ಕೂಡುತ್ತದೆ, ಅಂದರೆ ಹೆವಿ ಬೋಲ್ಟರಿನ ಎಪಿ -1 ಅಲ್ಲಿಗೆ ರದ್ದು. 90 ಹೆಣದ ಲೆಕ್ಕ 60ಕ್ಕೆ ಕುಸಿಯುತ್ತದೆ. ಲ್ಯಾಸ್‌ಕ್ಯಾನನ್ 50ರಿಂದ 40ಕ್ಕೆ ಇಳಿಯುತ್ತದೆ. ಎಪಿ ಸಾಕಷ್ಟಿರುವವನಿಗೆ ಒಂದು ಹೋದರೆ ಅಂಥ ನೋವಿಲ್ಲ. ಒಂದೇ ಇದ್ದವನಿಗೆ ಎಲ್ಲ ಹೋದಂತೆ. ಎದುರಾಳಿ ಮರೆಯಲ್ಲೇ ಆಡುವ ಜಾಣನಾದರೆ ಬಯಲಿನ ಲೆಕ್ಕ ಹಿಡಿದು ಬಂದವನ ಪಾಡು ಕಷ್ಟ. ದೂರದ ಮಾತೂ ಇದೆ. ಹೆವಿ ಬೋಲ್ಟರ್ 36 ಇಂಚಿನವರೆಗೆ ಹೊಡೆಯುತ್ತದೆ, ಲ್ಯಾಸ್‌ಕ್ಯಾನನ್ 48 ಇಂಚಿನವರೆಗೆ. ಆದರೆ ಪಂದ್ಯದ ಮೇಜು 60 ಇಂಚು ಉದ್ದ, 44 ಇಂಚು ಅಗಲ, ಅದರ ತುಂಬ ಅಡ್ಡಗೋಡೆಗಳು. 48 ಇಂಚು ದೂರದ ಗುರಿ ಬರಿಗಣ್ಣಿಗೆ ಕಾಣುವಂತೆ ನಿಲ್ಲುವುದು ಅಪರೂಪ.

ಇನ್ನು ಬೆಲೆ. ಪ್ರತಿ ಪಡೆಗೂ ಇಷ್ಟು ಪಾಯಿಂಟ್ ಎಂದು ದರ ಇರುತ್ತದೆ, ಇಬ್ಬರೂ ಸಮ ಪಾಯಿಂಟಿನ ಸೈನ್ಯ ಕಟ್ಟಬೇಕು. ಹಿಂದಿನ ಆವೃತ್ತಿಗಳಲ್ಲಿ ಆಯುಧಗಳಿಗೆ ಬಿಡಿಬಿಡಿಯಾಗಿ ದರವಿತ್ತು. ಲ್ಯಾಸ್‌ಕ್ಯಾನನ್ ದುಬಾರಿಯಾದ್ದರಿಂದ ಹೆವಿ ಬೋಲ್ಟರನ್ನು ಆರಿಸುವವರಿಗೆ ನೆಪ ಸಿಗುತ್ತಿತ್ತು. ಹತ್ತನೇ ಆವೃತ್ತಿಯಲ್ಲಿ ಪಡೆಯ ದರದೊಳಗೇ ಆಯುಧದ ದರ ಅಡಗಿದೆ. ಯಾವುದನ್ನು ಹಿಡಿದರೂ ಖರ್ಚು ಒಂದೇ ಆದ್ದರಿಂದ, ಒಂದೇ ಪಡೆಯೊಳಗೆ ಎರಡು ಆಯುಧಗಳನ್ನು ಹೋಲಿಸುವಾಗ ಮೇಲಿನ ಸಂಖ್ಯೆಗಳನ್ನು ಹಾಗೆಯೇ ಇಟ್ಟು ನೋಡಬಹುದು. ಬೇರೆ ಬೇರೆ ಪಡೆಗಳನ್ನು ಹೋಲಿಸುವಾಗ ಮಾತ್ರ ಬಂದ ಫಲವನ್ನು ಪಾಯಿಂಟಿನಿಂದ ಭಾಗಿಸಿಕೊಳ್ಳಬೇಕು.

ಹಾಗಾದರೆ ಕೊನೆಗೆ ಯಾವುದನ್ನು ಹಿಡಿಯುವುದು? ಪಂದ್ಯಕ್ಕೆ ಹೋಗುವವರು ಎದುರಾಗಬಹುದಾದ ನಾಲ್ಕೈದು ಗುರಿಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಮುಂದೆ ತಮ್ಮ ಆಯುಧದ ಹೆಣದ ಲೆಕ್ಕವನ್ನೋ ಕೊಲ್ಲುವ ಸಾಧ್ಯತೆಯನ್ನೋ ತುಂಬುತ್ತಾರೆ. ನಮ್ಮ ಎರಡು ಆಯುಧಗಳಿಗೆ ಅಂಥ ಪಟ್ಟಿ ಬರೆದರೆ ಆರ್ಕ್ ಮತ್ತು ಸ್ಪೇಸ್ ಮರೀನ್ ಹೆವಿ ಬೋಲ್ಟರಿನ ಪಾಲು, ರೈನೋ ಮತ್ತು ಲೆಮನ್ ರಸ್ ಲ್ಯಾಸ್‌ಕ್ಯಾನನ್ನಿನ ಪಾಲು. ಟರ್ಮಿನೇಟರ್ ಹತ್ತಿರ ಹತ್ತಿರ ಸಮ. ಉಳಿದ ಸೈನ್ಯದಲ್ಲಿ ಟ್ಯಾಂಕ್ ಹೊಡೆಯುವವರು ಬೇರೆ ಯಾರೂ ಇಲ್ಲ ಎಂದಾದರೆ, ಆರ್ಕ್‌ಗಳ ಮೇಲೆ ಅರ್ಧ ಬೀಳುವ ಲ್ಯಾಸ್‌ಕ್ಯಾನನ್ನನ್ನೇ ಹಿಡಿಯಬೇಕಾಗುತ್ತದೆ. ಈ ಕೊರತೆಯನ್ನು ಯಾವ ಗುಣಾಕಾರವೂ ತೋರಿಸಿಕೊಡುವುದಿಲ್ಲ, ಪೂರ್ತಿ ಪಡೆಯನ್ನು ಎದುರಿಗಿಟ್ಟು ನೋಡಬೇಕು.

ಮಾಡಿದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಕೂರುವ ಹಾಗೂ ಇಲ್ಲ. ಕಂಪನಿ ಪಾಯಿಂಟುಗಳನ್ನೂ ಕೆಲವು ನಿಯಮಗಳನ್ನೂ ವರ್ಷದಲ್ಲಿ ಹಲವು ಬಾರಿ ತಿದ್ದುತ್ತದೆ, ಹೊಸ ಪುಸ್ತಕ ಬಂದಾಗ ಗೊಂಬೆಗಳ ಅಂಕಿಗಳೇ ಬದಲಾಗುತ್ತವೆ. ಗಾಯದ ಕೋಷ್ಟಕ ಇಳಿಜಾರಲ್ಲ, ಮೆಟ್ಟಿಲು. ಆದ್ದರಿಂದ ಸಣ್ಣ ತಿದ್ದುಪಡಿಯೂ ಕೆಲವು ಕಡೆ ಏನೂ ಮಾಡದೆ ಹೋಗಬಹುದು, ಕೆಲವು ಕಡೆ ಎಲ್ಲವನ್ನೂ ತಲೆಕೆಳಗು ಮಾಡಬಹುದು. ರೈನೋದ ಗಟ್ಟಿತನವನ್ನು ನಾಳೆ 9ರಿಂದ 10ಕ್ಕೆ ಏರಿಸಿದರು ಎನ್ನಿ. ಲ್ಯಾಸ್‌ಕ್ಯಾನನ್ನಿನ 12 ಇನ್ನೂ ದೊಡ್ಡದೇ, ಅದರ 180 ಹಾನಿ ಅಲುಗಾಡುವುದಿಲ್ಲ. ಹೆವಿ ಬೋಲ್ಟರಿನ 5 ಈಗ ಹತ್ತರ ಸರಿಯಾದ ಅರ್ಧ. ಗಾಯಕ್ಕೆ 5+ ಸಾಕಾಗಿದ್ದದ್ದು 6ಕ್ಕೆ ಏರುತ್ತದೆ, 90 ಗಾಯ 45ಕ್ಕೆ ಇಳಿಯುತ್ತದೆ, 90 ಹಾನಿಯೂ 45ಕ್ಕೆ.